ನಿಂತಾಗಿನ ಬಲ, ಓಡುವಾಗಿನ ಬಲ

"ಎಷ್ಟು ಕೆಜಿದು ಬೇಕು ಸರ್?" ಸ್ಟೆಪ್ಪರ್ ಮೋಟರ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ ಇದು. ಅವರು ಕೇಳುತ್ತಿರುವುದು ಮೋಟರಿನ ತೂಕವನ್ನಲ್ಲ, ಕೆಜಿ-ಸೆಂಟಿಮೀಟರ್ ಲೆಕ್ಕದ ಹೋಲ್ಡಿಂಗ್ ಟಾರ್ಕನ್ನು. ಹತ್ತು ಕೆಜಿ-ಸೆಂ.ಮೀ. ಎಂದರೆ ಸುಮಾರು ಒಂದು ನ್ಯೂಟನ್-ಮೀಟರ್. ಎರಡೂ ಕಾಯಿಲ್‌ಗಳಿಗೆ ಪೂರ್ತಿ ಕರೆಂಟ್ ಕೊಟ್ಟು ನಿಲ್ಲಿಸಿಟ್ಟ ಮೋಟರಿನ ಶಾಫ್ಟನ್ನು ಹೊರಗಿನಿಂದ ತಿರುಚಿದರೆ, ಅದು ಜಾರುವ ಮುನ್ನ ತಡೆದುಕೊಳ್ಳುವ ಗರಿಷ್ಠ ಟಾರ್ಕ್ ಅದು. ಆದರೆ ಸಿಎನ್‌ಸಿ ಯಂತ್ರದ ಅಕ್ಷ ಹೆಚ್ಚಿನ ಹೊತ್ತು ಓಡುತ್ತಲೇ ಇರುತ್ತದೆ. ಆದ್ದರಿಂದ ನಿಂತಾಗಿನ ಅಂಕಿಯೊಂದನ್ನೇ ನೋಡಿ ಮೋಟರ್ ಆರಿಸಬಾರದು.

ಮೊದಲು ಬೇಕಾದದ್ದು ನಮ್ಮ ಅಕ್ಷದ ಲೆಕ್ಕ. ಮರ ಕೊರೆಯುವ ಒಂದು ಸಣ್ಣ ರೌಟರನ್ನು ತೆಗೆದುಕೊಳ್ಳೋಣ. ಒಂದು ಸುತ್ತಿಗೆ 5 ಮಿ.ಮೀ. ಸರಿಸುವ, 16 ಮಿ.ಮೀ. ದಪ್ಪದ, ಅರ್ಧ ಮೀಟರ್ ಉದ್ದದ ಬಾಲ್‌ಸ್ಕ್ರೂ. ಅದು ತಳ್ಳಬೇಕಾದ ಭಾಗದ ತೂಕ 8 ಕೆಜಿ. ಕೊರೆಯುವ ಬಲ 60 ನ್ಯೂಟನ್, ಘರ್ಷಣೆ 20, ವೇಗ ಹೆಚ್ಚಿಸಲು 4 ಎಂದುಕೊಂಡರೆ ಒಟ್ಟು 84 ನ್ಯೂಟನ್. ಇದನ್ನು ಸ್ಕ್ರೂವಿನ 0.005 ಮೀಟರಿನಿಂದ ಗುಣಿಸಿ, 6.28ರಿಂದಲೂ ಸ್ಕ್ರೂವಿನ ದಕ್ಷತೆ 0.9ರಿಂದಲೂ ಭಾಗಿಸಿದರೆ 0.074 ನ್ಯೂಟನ್-ಮೀಟರ್ ಬರುತ್ತದೆ. ಸ್ಕ್ರೂ ಮತ್ತು ರೋಟರ್ ತಾವೇ ವೇಗ ಪಡೆಯಲು ಇನ್ನೊಂದು 0.035 ಬೇಕು. ಒಟ್ಟು ಸುಮಾರು 0.11. ಮಂದವಾದ ಬಿಟ್ಟು, ಒಣಗಿದ ಗ್ರೀಸು, ಮರದ ಗಂಟು ಎಲ್ಲಕ್ಕೂ ಜಾಗ ಬಿಟ್ಟು ಎರಡು ಪಟ್ಟು ಮಾಡಿ, 0.25 ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 3000 ಮಿ.ಮೀ. ಓಡಬೇಕೆಂದರೆ ಸ್ಕ್ರೂ 600 ಸುತ್ತು ತಿರುಗಬೇಕು. ಹಾಗಾದರೆ ಅಂಗಡಿಯಲ್ಲಿ ನಾವು ಕೇಳಬೇಕಾದದ್ದು: 600 ಸುತ್ತಿನ ವೇಗದಲ್ಲಿ ಈ ಮೋಟರ್ 0.25 ನ್ಯೂಟನ್-ಮೀಟರ್ ಕೊಡುತ್ತದೆಯೇ?

ಇದಕ್ಕೆ ಉತ್ತರ ಪುಲ್‌ಔಟ್ ಕರ್ವ್‌ನಲ್ಲಿದೆ. ಓಡುತ್ತಿರುವ ಮೋಟರ್ ಯಾವ ವೇಗದಲ್ಲಿ ಎಷ್ಟು ಟಾರ್ಕಿನವರೆಗೆ ಹೆಜ್ಜೆ ತಪ್ಪದೆ ಎಳೆಯಬಲ್ಲದು ಎಂಬುದನ್ನು ಈ ಗೆರೆ ತೋರಿಸುತ್ತದೆ. ವೇಗ ಹೆಚ್ಚಿದಂತೆ ಗೆರೆ ಕೆಳಗಿಳಿಯುತ್ತದೆ. ಕಾರಣ ಕಾಯಿಲಿನ ಇಂಡಕ್ಟನ್ಸ್: ಕರೆಂಟ್ ಏರುವುದಕ್ಕೆ ಸಮಯ ಬೇಕು, ವೇಗ ಹೆಚ್ಚಾದರೆ ಆ ಸಮಯವೇ ಸಿಗುವುದಿಲ್ಲ. ಸುತ್ತಿಗೆ 200 ಹೆಜ್ಜೆಯ ಮೋಟರ್ 600 ಸುತ್ತಿನಲ್ಲಿ ಸೆಕೆಂಡಿಗೆ 2000 ಹೆಜ್ಜೆ ಇಡುತ್ತದೆ. ಅಂದರೆ ಒಂದು ಹೆಜ್ಜೆಗೆ ಸಿಗುವುದು 0.5 ಮಿಲಿಸೆಕೆಂಡ್.

ಈಗ ಎರಡು ಮೋಟರ್ ಹೋಲಿಸಿ. ಒಂದು 1.26 ನ್ಯೂಟನ್-ಮೀಟರಿನದು: 2.8 ಆಂಪಿಯರ್, 2.5 ಮಿಲಿಹೆನ್ರಿ. ಇನ್ನೊಂದು 3 ನ್ಯೂಟನ್-ಮೀಟರಿನದು: 4.2 ಆಂಪಿಯರ್, 3.8 ಮಿಲಿಹೆನ್ರಿ. ಇಂಡಕ್ಟನ್ಸ್ ಮತ್ತು ಕರೆಂಟನ್ನು ಗುಣಿಸಿ ವೋಲ್ಟೇಜಿನಿಂದ ಭಾಗಿಸಿದರೆ ಕರೆಂಟ್ ಪೂರ್ತಿ ಏರಲು ಬೇಕಾದ ಸಮಯ ಅಂದಾಜಾಗಿ ಸಿಗುತ್ತದೆ. 24 ವೋಲ್ಟಿನಲ್ಲಿ ಚಿಕ್ಕದಕ್ಕೆ 0.29 ಮಿಲಿಸೆಕೆಂಡ್ ಸಾಕು. ದೊಡ್ಡದಕ್ಕೆ 0.67 ಬೇಕು, ಇರುವುದು 0.5 ಮಾತ್ರ. ಹೆಚ್ಚು ಹಣ ಕೊಟ್ಟು ತಂದ ದೊಡ್ಡ ಮೋಟರ್ ಈ ವೇಗದಲ್ಲಿ ತನ್ನ ಪೂರ್ತಿ ಕರೆಂಟನ್ನೇ ಮುಟ್ಟುವುದಿಲ್ಲ. ಅದರ ಭಾರದ ರೋಟರನ್ನು ತಿರುಗಿಸುವ ಕೆಲಸ ಬೇರೆ. 48 ವೋಲ್ಟ್ ಕೊಟ್ಟರೆ ಸಮಯ 0.33ಕ್ಕೆ ಇಳಿಯುತ್ತದೆ, ಆದರೆ ಡ್ರೈವರ್ ಅಷ್ಟು ವೋಲ್ಟೇಜ್ ತಾಳುವಂಥದ್ದಾಗಿರಬೇಕು. ಕರ್ವ್ ಓದುವಾಗ ಅದನ್ನು ಎಷ್ಟು ವೋಲ್ಟಿನಲ್ಲಿ, ಎಷ್ಟು ಆಂಪಿಯರಿನಲ್ಲಿ ತೆಗೆದರು ಎಂದು ಮೊದಲು ನೋಡಬೇಕಾದದ್ದು ಇದಕ್ಕೇ. 48 ವೋಲ್ಟಿನ ಗೆರೆಯನ್ನು ನಂಬಿ 24 ವೋಲ್ಟಿನ ಸಪ್ಲೈ ಜೋಡಿಸಿದರೆ ಮೋಸ ಹೋಗುತ್ತೇವೆ. ಈ ರೌಟರಿಗೆ ನಾನು ಚಿಕ್ಕ ಮೋಟರನ್ನೇ ಆರಿಸುತ್ತೇನೆ.

ಮೈಕ್ರೋಸ್ಟೆಪ್ಪಿಂಗ್ ಬಗ್ಗೆಯೂ ಇಂಥದೇ ಒಂದು ಭ್ರಮೆ ಇದೆ. ಹೆಜ್ಜೆಯೊಂದನ್ನು 16 ಭಾಗ ಮಾಡಿದರೆ ಸುತ್ತಿಗೆ 3200 ಪಲ್ಸ್. ನಮ್ಮ ಸ್ಕ್ರೂವಿನಲ್ಲಿ ಒಂದಕ್ಕೆ 1.6 ಮೈಕ್ರಾನ್. ಕಾಗದದ ಮೇಲೆ ಸೊಗಸು. ಆದರೆ ಅಷ್ಟು ಸಣ್ಣ ಒಂದು ಹೆಜ್ಜೆ ಹುಟ್ಟಿಸುವ ಟಾರ್ಕ್, ಹೋಲ್ಡಿಂಗ್ ಟಾರ್ಕಿನ ಶೇ. 10ರಷ್ಟು ಮಾತ್ರ, ಅಂದರೆ 0.12 ನ್ಯೂಟನ್-ಮೀಟರ್. ನಟ್ ಬಿಗಿಯಾಗಿದ್ದು ಘರ್ಷಣೆ ಅದಕ್ಕಿಂತ ಹೆಚ್ಚಿದ್ದರೆ ಮೊದಲ ಪಲ್ಸಿಗೆ ಅಕ್ಷ ಅಲುಗುವುದಿಲ್ಲ; ಎರಡೋ ಮೂರೋ ಪಲ್ಸ್ ಸೇರಿದ ಮೇಲೆ ಒಮ್ಮೆಗೇ ಜಿಗಿಯುತ್ತದೆ. ಮೈಕ್ರೋಸ್ಟೆಪ್ಪಿಂಗ್‌ನಿಂದ ಮೋಟರಿನ ಒಟ್ಟು ಬಲವೇನೂ ಕುಂದುವುದಿಲ್ಲ. ನಿಧಾನವಾಗಿ ಓಡುವಾಗಿನ ನಡುಕ, ಗುಂಯ್‌ಗುಟ್ಟುವ ಸದ್ದು ಅದರಿಂದ ಇಳಿಯುತ್ತವೆ. ಅದನ್ನು ಬಳಸಬೇಕಾದದ್ದು ಅದಕ್ಕಾಗಿ, ನಿಖರತೆಗಾಗಿ ಅಲ್ಲ. ಇನ್ನೊಂದು ಮಿತಿಯೂ ಇದೆ: 600 ಸುತ್ತಿಗೆ ಸೆಕೆಂಡಿಗೆ 32,000 ಪಲ್ಸ್ ಬೇಕು, ಆದರೆ ಆರ್ಡುಯಿನೊ ಊನೊ ಮೇಲೆ ಓಡುವ Grbl ನೆಚ್ಚಿಕೆಯಿಂದ ಕೊಡುವುದು ಸುಮಾರು 30,000. ಇಲ್ಲಿ 8 ಭಾಗವೇ ಸರಿ.

ಸಾಮಾನ್ಯ ಸ್ಟೆಪ್ಪರ್ ಹೆಜ್ಜೆ ತಪ್ಪಿದರೂ ಕಂಟ್ರೋಲರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಜೋಡಿಸಿದ ಮೇಲೆ ಅಕ್ಷಕ್ಕೆ ಡಯಲ್ ಗೇಜ್ ತಾಗಿಸಿ ಸೊನ್ನೆ ಮಾಡಿ, ಪೂರ್ತಿ ವೇಗದಲ್ಲಿ ಹಲವು ಬಾರಿ ಹಿಂದೆ ಮುಂದೆ ಓಡಿಸಿ, ಸೊನ್ನೆಗೆ ಅದೇ ದಿಕ್ಕಿನಿಂದ ತಂದು ನಿಲ್ಲಿಸಿ ನೋಡಬೇಕು. ಹೆಜ್ಜೆ ತಪ್ಪಿದ ಮೋಟರ್ ನಾಲ್ಕು ಹೆಜ್ಜೆಗಳ ಗುಣಕದಲ್ಲಿ ಸರಿದು ಮತ್ತೆ ಹಿಡಿತಕ್ಕೆ ಬರುತ್ತದೆ. ಹಾಗಾಗಿ ನಮ್ಮ ಸ್ಕ್ರೂವಿನಲ್ಲಿ ಗೇಜ್ 0.1 ಮಿ.ಮೀ., 0.2 ಮಿ.ಮೀ. ಹೀಗೆ ವ್ಯತ್ಯಾಸ ತೋರಿಸಿದರೆ ಮೋಟರ್ ಕರ್ವ್ ದಾಟಿದೆ ಎಂದರ್ಥ. ಆಗ ಮೊದಲು ವೇಗವೃದ್ಧಿಯನ್ನು ಇಳಿಸಿ ನೋಡಿ, ಆಮೇಲೆ ವೋಲ್ಟೇಜನ್ನು ಏರಿಸಿ. ವ್ಯತ್ಯಾಸ ಅದಕ್ಕಿಂತ ತೀರ ಸಣ್ಣದಾಗಿದ್ದರೆ ಹುಡುಕಬೇಕಾದದ್ದು ಕಪ್ಲಿಂಗ್ ಮತ್ತು ಬೇರಿಂಗಿನ ಸಡಿಲದಲ್ಲಿ.