ನಾಲ್ಕೇ ಶೇಡ್‌, ನಲವತ್ತು ಮುಖ

ಕಾಡಿಗೆ ಮಾರಲು ಹೊರಟವರಿಗೆ ಬಣ್ಣದ ತಲೆನೋವಿಲ್ಲ. ಅಚ್ಚ ಕಪ್ಪೊಂದನ್ನು ಮಾಡಿಸಿದರೆ ಎಲ್ಲರ ಕಣ್ಣಿಗೂ ಒಪ್ಪುತ್ತದೆ. ಫೌಂಡೇಶನ್‌ ಕಥೆಯೇ ಬೇರೆ. 2017ರಲ್ಲಿ ಗಾಯಕಿ ರಿಹಾನಾ ಅವರ ಫೆಂಟಿ ಬ್ಯೂಟಿ 40 ಶೇಡ್‌ಗಳೊಂದಿಗೆ ಅಂಗಡಿಗೆ ಬಂತು. ಸಣ್ಣ ಬಂಡವಾಳದವರು ಆ ಸಂಖ್ಯೆಯ ಬೆನ್ನು ಹತ್ತಿದರೆ ಮುಳುಗಿದಂತೆಯೇ.

ಕೈಯಲ್ಲಿ ಮೂರು ಲಕ್ಷ ರೂಪಾಯಿ ಇದೆ ಎಂದುಕೊಳ್ಳಿ. ಮಾಡಿಕೊಡುವ ಕಾರ್ಖಾನೆಯವರು ಒಂದು ಶೇಡ್‌ಗೆ ಕನಿಷ್ಠ 500 ಟ್ಯೂಬ್‌ ತೆಗೆದುಕೊಳ್ಳಲೇಬೇಕು ಅನ್ನುತ್ತಾರೆ. ಟ್ಯೂಬ್‌ಗೆ 120 ರೂಪಾಯಿ ಬಿದ್ದರೆ ಶೇಡ್‌ ಒಂದಕ್ಕೆ 60,000. ಐದು ಶೇಡ್‌ಗೆ ಹಣವೆಲ್ಲ ಖಾಲಿ. ನಾಲ್ಕಕ್ಕೆ ನಿಂತರೆ ಸ್ಯಾಂಪಲ್‌, ಪರೀಕ್ಷೆಗೆಂದು 60,000 ಉಳಿಯುತ್ತದೆ. ಆದ್ದರಿಂದ ನಾಲ್ಕು.

ನಾಲ್ಕರಲ್ಲಿ ಹೆಚ್ಚು ಮುಖಗಳನ್ನು ಹಿಡಿಯುವ ದಾರಿ ತೆಳು ಲೇಪ. ಮಂದವಾಗಿ ಮುಚ್ಚುವ ಫೌಂಡೇಶನ್‌ ಚರ್ಮಕ್ಕೆ ಕರಾರುವಾಕ್ಕಾಗಿ ಹೊಂದಬೇಕು, ಕೊಂಚ ತಪ್ಪಿದರೂ ಮುಖವಾಡ ಹಾಕಿದಂತೆ ಕಾಣುತ್ತದೆ. ಬಣ್ಣದ ಪುಡಿ ಕಡಿಮೆ ಹಾಕಿಸಿದರೆ ಕೆಳಗಿನ ಚರ್ಮ ಇಣುಕುತ್ತದೆ. ಆಗ ಒಂದೇ ಶೇಡ್‌ ಅಕ್ಕಪಕ್ಕದ ಹಲವು ಮೈಬಣ್ಣಗಳಿಗೆ ಒಗ್ಗುತ್ತದೆ. ಆದರೆ ಕಲೆ ಮುಚ್ಚಬೇಕೆನ್ನುವ ಗಿರಾಕಿ ನಿಮಗೆ ಸಿಗುವುದಿಲ್ಲ.

ಯಾವ ನಾಲ್ಕು ಎಂಬುದನ್ನು ಕಂಪ್ಯೂಟರ್‌ ಪರದೆ ನೋಡಿ ತೀರ್ಮಾನಿಸಬೇಡಿ. ಮೊದಲು ಆರು ಶೇಡ್‌ನ ಸ್ಯಾಂಪಲ್‌ ಮಾಡಿಸಿ, ಬೇರೆ ಬೇರೆ ಮೈಬಣ್ಣದ ನಲವತ್ತು ಜನರನ್ನು ಕೂಡಿಸಿ. ಮುಂಗೈಗೆ ಬೇಡ, ದವಡೆಯಂಚಿಗೆ ಹಚ್ಚಿ ಅರ್ಧ ಗಂಟೆ ಬಿಡಿ, ಬಳಿಕ ಹಗಲು ಬೆಳಕಿನಲ್ಲಿ ನೋಡಿ. ಎಷ್ಟೋ ಫೌಂಡೇಶನ್‌ಗಳು ಒಣಗುತ್ತ, ಮುಖದ ಎಣ್ಣೆ ಸೇರುತ್ತ ಒಂದಿಷ್ಟು ಕಪ್ಪಾಗುತ್ತವೆ. ಹಚ್ಚಿದ ಕೂಡಲೇ ಒಪ್ಪಿದ್ದು ಆಮೇಲೆ ಒಪ್ಪದೇ ಹೋಗಬಹುದು. ಇನ್ನೊಂದು ಉಪಾಯವಿದೆ: ಎರಡನೆಯ ಮತ್ತು ನಾಲ್ಕನೆಯ ಶೇಡ್‌ಗಳನ್ನು ಸಮಪಾಲು ಕಲಸಿ. ಅದು ಮೂರನೆಯದರಂತೆಯೇ ಕಂಡರೆ, ಮೂರನೆಯದಕ್ಕೆ ಒಪ್ಪಿದವರಿಗೆ ಅಕ್ಕಪಕ್ಕದ ಎರಡನ್ನೂ ಹಚ್ಚಿ ನೋಡಿ. ಒಂದಾದರೂ ನಡೆದರೆ ಮೂರನೆಯದನ್ನು ಕೈಬಿಡಿ.

ಕೈಬಿಡುವಾಗ ಎಲ್ಲರ ಕತ್ತರಿಯೂ ಅತಿ ಕಪ್ಪು ಶೇಡ್‌ನ ಕಡೆಗೇ ಹೋಗುತ್ತದೆ. 'ಅದು ಓಡುವುದಿಲ್ಲ' ಅನ್ನುವುದು ಅಂಗಡಿಯವರ ಮಾತು. ನಮ್ಮ ನಾಡಿನಲ್ಲಿ ಅದು ತಪ್ಪು ಲೆಕ್ಕ ಅಂತಲೇ ನನ್ನ ಅನಿಸಿಕೆ. ಕಪ್ಪು ಮೈಬಣ್ಣದವರು ಕೊಳ್ಳದಿರಲು ಮಾಲೇ ಕಾರಣವಾಗಿರಬಹುದು. ತಿಳಿ ಶೇಡ್‌ಗೇ ಕಪ್ಪು ಸೇರಿಸಿ ಗಾಢ ಮಾಡಿದರೆ, ಒಳಗಿನ ಬಿಳಿ ಟೈಟಾನಿಯಂ ಡೈಆಕ್ಸೈಡ್‌ನಿಂದಾಗಿ ಮುಖ ಬೂದಿ ಬಳಿದಂತೆ ಕಾಣುತ್ತದೆ. ಬಿಳಿ ಇಳಿಸಿ, ಕೆಂಪು ಮತ್ತು ಹಳದಿ ಐರನ್‌ ಆಕ್ಸೈಡ್‌ ಏರಿಸಲು ಲ್ಯಾಬಿನವರಿಗೆ ಹೇಳಿ. ಬೂದಿ ಛಾಯೆ ಬಿಸಿಲಲ್ಲಿ ಥಟ್ಟನೆ ಗೊತ್ತಾಗುತ್ತದೆ.

ಮಾರಾಟ ಶುರುವಾದ ಮೇಲೆ, ಯಾವ ಶೇಡ್‌ ಕೂಡಿಬರದೆ ಹಿಂದಿರುಗಿದವರ ಮೈಬಣ್ಣವನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಡಿ. 'ಎರಡಕ್ಕಿಂತ ಗಾಢ, ಮೂರಕ್ಕಿಂತ ತಿಳಿ, ಹಳದಿ ಹೆಚ್ಚು' ಎಂಬಷ್ಟು ಬರೆದರೆ ಸಾಕು. ಅಲ್ಲಿ ಹೆಚ್ಚು ಸಲ ಬಿದ್ದ ಗುರುತೇ ನಿಮ್ಮ ಐದನೆಯ ಶೇಡ್‌.