ಸರಕು ತಲುಪಿದೆ, ಹಣ ವಾಪಸ್ ಹೋಗಿದೆ: ಚಾರ್ಜ್‌ಬ್ಯಾಕ್‌ಗೆ ಉತ್ತರ ಬರೆಯುವ ಬಗೆ

ಇಳಕಲ್‌ನ ವ್ಯಾಪಾರಿಯೊಬ್ಬರು 6,800 ರೂಪಾಯಿಯ ಸೀರೆಯನ್ನು ಪುಣೆಯ ಗ್ರಾಹಕರಿಗೆ ಕೊರಿಯರ್‌ನಲ್ಲಿ ಕಳಿಸಿದರು ಎಂದುಕೊಳ್ಳಿ. ಸೀರೆ ತಲುಪಿದ ತಿಂಗಳ ನಂತರ, ಕಾರ್ಡ್‌ನಲ್ಲಿ ಪಾವತಿಸಿದ್ದ ಆ ಗ್ರಾಹಕರು ‘ಸರಕು ಬಂದಿಲ್ಲ’ ಎಂದು ತಮ್ಮ ಬ್ಯಾಂಕಿಗೆ ದೂರು ಕೊಡುತ್ತಾರೆ. ವ್ಯಾಪಾರಿಯ ಖಾತೆಯಿಂದ ಹಣ ಕಡಿತವಾಗುತ್ತದೆ. ಇದೇ ಚಾರ್ಜ್‌ಬ್ಯಾಕ್.

ಮೊದಲು ನೋಟಿಸಿನಲ್ಲಿರುವ ಕಾರಣ ಸಂಕೇತ ಓದಿ. ವೀಸಾ ಕಾರ್ಡ್‌ಗಳಲ್ಲಿ ಸರಕು ತಲುಪಿಲ್ಲವೆಂಬ ದೂರಿಗೆ 13.1 ಎಂಬ ಸಂಕೇತವಿದೆ. ವಿವರಿಸಿದಂತೆ ಸರಕು ಇಲ್ಲ ಎಂಬುದು 13.3, ಅಲ್ಲಿ ತಲುಪಿಸಿದ ಪುರಾವೆಯೊಂದೇ ಸಾಲದು.

ಉತ್ತರ ಒಂದು ಪುಟ ಮೀರದಿರಲಿ. ಓದುವ ಬ್ಯಾಂಕ್ ಸಿಬ್ಬಂದಿಗೆ ನಿಮ್ಮ ಸಿಟ್ಟು ಬೇಕಿಲ್ಲ, ದಿನಾಂಕಗಳು ಬೇಕು. ಹೀಗೆ ಆರಂಭಿಸಬಹುದು: “ಸರಕು ತಲುಪಿಲ್ಲವೆಂಬ ದೂರನ್ನು ಒಪ್ಪುವುದಿಲ್ಲ. ಮಾರ್ಚ್ 3ರಂದು ಆರ್ಡರ್ ಬಂತು, 5ರಂದು ರವಾನಿಸಿದೆವು, 9ರಂದು ಗ್ರಾಹಕರು ಕೊಟ್ಟ ವಿಳಾಸದಲ್ಲೇ ಸಹಿ ಪಡೆದು ತಲುಪಿಸಲಾಗಿದೆ.” ಪ್ರತಿ ವಾಕ್ಯಕ್ಕೂ ಒಂದೊಂದು ದಾಖಲೆ ಜೋಡಿಸಿ: ಬಿಲ್, ಟ್ರ್ಯಾಕಿಂಗ್ ಸಂಖ್ಯೆಯಿರುವ ಕೊರಿಯರ್ ರಸೀದಿ, ತಲುಪಿಸಿದ ಪುರಾವೆ, ಗ್ರಾಹಕರ ವಾಟ್ಸಾಪ್ ಸಂದೇಶ.

ಹೆಚ್ಚಿನವರು ಸೋಲುವುದು ವಿಳಾಸದಲ್ಲಿ. ಟ್ರ್ಯಾಕಿಂಗ್ ಪುಟದಲ್ಲಿ ‘ಡೆಲಿವರ್ಡ್, ಪುಣೆ’ ಎಂದಷ್ಟೇ ಇದ್ದರೆ ಯಾವ ಮನೆಗೆ ಎಂಬುದು ಸಾಬೀತಾಗದು. ಪೂರ್ಣ ವಿಳಾಸ, ಸಹಿ ಅಥವಾ ಓಟಿಪಿ ವಿವರವಿರುವ ದಾಖಲೆಯನ್ನು ಕೊರಿಯರ್ ಕಚೇರಿಯಿಂದ ಕೂಡಲೇ ಕೇಳಿ ಪಡೆಯಿರಿ. ಬಿಲ್ಲಿನ ವಿಳಾಸಕ್ಕೆ ಅದು ಹೊಂದುತ್ತದೆಯೇ ನೋಡಿ.

ಪೇಮೆಂಟ್ ಗೇಟ್‌ವೇ ಕೊಟ್ಟ ಗಡುವಿನೊಳಗೆ ಎಲ್ಲವನ್ನೂ ಒಟ್ಟಿಗೆ ಸಲ್ಲಿಸಿ. ಗಡುವು ಮೀರಿದರೆ ಗಟ್ಟಿ ಪುರಾವೆಯೂ ಲೆಕ್ಕಕ್ಕೆ ಬರುವುದಿಲ್ಲ.