ಪ್ರೆಷರ್ ಕುಕ್ಕರ್ ಖರೀದಿ: ಐಎಸ್‌ಐ ಮುದ್ರೆಯ ನೈಜತೆಯನ್ನು ಪರಿಶೀಲಿಸುವ ಕ್ರಮ

ಅಂಗನವಾಡಿ ಮತ್ತು ಶಾಲಾ ಅಡುಗೆಮನೆಗಳಿಗೆ ಕುಕ್ಕರ್, ಪಾತ್ರೆಗಳು ಸರಬರಾಜಾದಾಗ ಐಎಸ್‌ಐ ಮುದ್ರೆ ಇದೆಯೆಂಬಷ್ಟನ್ನೇ ನೋಡಿ ಸ್ವೀಕೃತಿ ನೀಡುವುದು ರೂಢಿಯಲ್ಲಿದೆ. ಆದರೆ ಮುದ್ರೆ ಇರುವುದು ಬೇರೆ, ಆ ಮುದ್ರೆ ಅದೇ ವಸ್ತುವಿಗೆ ಸೇರಿರುವುದು ಬೇರೆ. ಈ ವ್ಯತ್ಯಾಸವನ್ನು ಹಣ ಪಾವತಿಗೆ ಮುನ್ನವೇ ಗುರುತಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕುದಿಯುವ ಕುಕ್ಕರಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡವಿರುತ್ತದೆ. 20 ಸೆಂ.ಮೀ. ವ್ಯಾಸದ ಮುಚ್ಚಳವನ್ನು ಒಳಗಿನ ಹಬೆಯು 300 ಕೆ.ಜಿ.ಗೂ ಮೀರಿದ ಭಾರಕ್ಕೆ ಸಮನಾಗಿ ಹೊರಕ್ಕೆ ತಳ್ಳುತ್ತದೆ. ಲೋಹದ ದಪ್ಪ, ಮುಚ್ಚಳದ ಬಿಗಿತ, ಸುರಕ್ಷತಾ ಕವಾಟ ಇವುಗಳಲ್ಲಿ ಯಾವುದೊಂದು ದೋಷಪೂರಿತವಾಗಿದ್ದರೂ ಅಪಾಯ ಅಡುಗೆ ಸಹಾಯಕಿಯರಿಗೆ ಮತ್ತು ಸಮೀಪದಲ್ಲಿರುವ ಮಕ್ಕಳಿಗೆ. ಈ ಕಾರಣದಿಂದಲೇ ಗೃಹಬಳಕೆಯ ಕುಕ್ಕರ್‌ಗಳಿಗೆ ಐಎಸ್ 2347 ಮಾನಕವನ್ನು ಕೇಂದ್ರ ಸರ್ಕಾರವು 2021ರ ಫೆಬ್ರವರಿ 1ರಿಂದ ಕಡ್ಡಾಯಗೊಳಿಸಿದೆ.

ಮುದ್ರೆಯ ಭಾಗಗಳು

ನೈಜ ಮುದ್ರೆಯಲ್ಲಿ ಮೂರು ಅಂಶಗಳು ಒಟ್ಟಿಗಿರುತ್ತವೆ: ಮಧ್ಯದಲ್ಲಿ ಐಎಸ್‌ಐ ಚಿಹ್ನೆ, ಅದರ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ, ಕೆಳಗೆ CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆ. ಕುಕ್ಕರಿಗೆ 2347, ಸ್ಟೀಲ್ ಪಾತ್ರೆಗೆ 14756, ಅಲ್ಯೂಮಿನಿಯಂ ಪಾತ್ರೆಗೆ 1660 ಎಂಬ ಮಾನಕ ಸಂಖ್ಯೆ ಇರಬೇಕು. ಸಂಖ್ಯೆಗಳಿಲ್ಲದ ಬರಿಯ ಚಿಹ್ನೆಗೆ ಮಾನ್ಯತೆಯಿಲ್ಲ. ಪೆಟ್ಟಿಗೆಯ ಮೇಲಿನ ‘ಐಎಸ್‌ಒ 9001’ ಎಂಬುದು ಕಾರ್ಖಾನೆಯ ನಿರ್ವಹಣಾ ವ್ಯವಸ್ಥೆಗೆ ಸಂಬಂಧಿಸಿದ್ದು. ಕುಕ್ಕರಿನ ಸುರಕ್ಷತೆಗೆ ಅದು ಪ್ರಮಾಣವಲ್ಲ.

ತಳ ಮತ್ತು ರಿವೆಟ್

ತಳವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಚ್ಚಿನ ಆಳ ತಿಳಿಯುತ್ತದೆ. ಲೋಹದಲ್ಲಿ ಒತ್ತಿದ ಅಕ್ಷರಗಳು ಸಮನಾದ ಆಳ ಮತ್ತು ಅಂತರ ಹೊಂದಿರುತ್ತವೆ. ಚಿಹ್ನೆ ಸ್ಪಷ್ಟವಾಗಿದ್ದು ಪರವಾನಗಿ ಸಂಖ್ಯೆ ಮಾತ್ರ ಮಸುಕಾಗಿದ್ದರೆ, ಒಂದೇ ಸರಬರಾಜಿನ ಕುಕ್ಕರ್‌ಗಳಲ್ಲಿ ಬೇರೆ ಬೇರೆ ಅಕ್ಷರ ಶೈಲಿಗಳಿದ್ದರೆ, ಅಥವಾ ತಳದಲ್ಲಿರುವ ಹೆಸರು ಪೆಟ್ಟಿಗೆಯ ಹೆಸರಿಗೆ ಹೊಂದದಿದ್ದರೆ ಸಂಶಯಕ್ಕೆ ಆಸ್ಪದವಿದೆ.

ಹಿಡಿಯ ಪಟ್ಟಿಯನ್ನು ರಿವೆಟ್‌ನಿಂದ ಜೋಡಿಸಿದ್ದಲ್ಲಿ ರಿವೆಟ್‌ನ ತಲೆ ಲೋಹಕ್ಕೆ ಪೂರ್ಣವಾಗಿ ಅಂಟಿಕೊಂಡಿರಬೇಕು. ತಲೆಯ ಅಡಿಯಲ್ಲಿ ಕಾಗದದ ಅಂಚು ತೂರಿದರೆ, ತಲೆ ಓರೆಯಾಗಿದ್ದರೆ ಅಥವಾ ಹಿಡಿ ಅಲುಗಾಡಿದರೆ ಜೋಡಣೆ ಕಳಪೆ ಎಂದು ತಿಳಿಯಬೇಕು. ಆದರೆ ಇವೆಲ್ಲ ಸಂಶಯದ ಸೂಚನೆಗಳೇ ಹೊರತು ನಿರ್ಣಯವಲ್ಲ. ನಕಲಿ ತಯಾರಕನೂ ಉತ್ತಮ ಅಚ್ಚು ಮಾಡಿಸಬಲ್ಲನು. ನೈಜ ಕುಕ್ಕರಿನ ರಿವೆಟ್ ಕೂಡ ಸಾಗಣೆಯಲ್ಲಿ ಸಡಿಲಗೊಳ್ಳಬಹುದು. ನಿರ್ಣಯವು ಪರವಾನಗಿ ಸಂಖ್ಯೆಯಿಂದಲೇ ಆಗಬೇಕು.

ಸಂಖ್ಯೆಯ ಪರಿಶೀಲನೆ: ಒಂದು ಉದಾಹರಣೆ

ಒಂದು ಪಂಚಾಯಿತಿಗೆ 5 ಲೀಟರಿನ ಆರು ಕುಕ್ಕರ್‌ಗಳು ಬಂದಿವೆ ಎಂದು ಭಾವಿಸೋಣ. ತಳದಲ್ಲಿ ಚಿಹ್ನೆ, 2347 ಮತ್ತು CM/L ಸಂಖ್ಯೆ ಮೂರೂ ಇವೆ, ಅಚ್ಚು ಸ್ಪಷ್ಟವಾಗಿದೆ. ಭಾರತೀಯ ಮಾನಕ ಬ್ಯೂರೋದ BIS Care ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿದಾಗ ಪರವಾನಗಿ ಚಾಲ್ತಿಯಲ್ಲಿದೆ ಎಂದು ತೋರುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಸರಬರಾಜು ಅಂಗೀಕಾರವಾಗುತ್ತದೆ. ಮುಂದಿನ ಸಾಲುಗಳನ್ನು ಓದಿದಾಗ ಆ ಪರವಾನಗಿಯು ಐಎಸ್ 14543, ಅಂದರೆ ಬಾಟಲಿ ಕುಡಿಯುವ ನೀರಿನ ಘಟಕವೊಂದಕ್ಕೆ ನೀಡಿದ್ದೆಂದು ತಿಳಿಯುತ್ತದೆ. ಸಂಖ್ಯೆ ನೈಜವೇ, ಆದರೆ ಕುಕ್ಕರಿನದಲ್ಲ.

ಆದ್ದರಿಂದ ಆ್ಯಪ್‌ನಲ್ಲಿ ನಾಲ್ಕು ವಿವರಗಳನ್ನು ಹೋಲಿಸತಕ್ಕದ್ದು: ಮಾನಕ ಸಂಖ್ಯೆ, ತಯಾರಕರ ಹೆಸರು ಮತ್ತು ವಿಳಾಸ, ಬ್ರ್ಯಾಂಡ್, ಪರವಾನಗಿಯ ಅವಧಿ. ಅವಧಿಯನ್ನು ಕುಕ್ಕರ್ ತಯಾರಾದ ತಿಂಗಳು ಮತ್ತು ವರ್ಷದೊಂದಿಗೆ ಹೋಲಿಸಬೇಕು. ನಾಲ್ಕೂ ಹೊಂದಿದರೂ ನಕಲಿನ ಸಾಧ್ಯತೆ ಪೂರ್ಣ ಅಳಿಯುವುದಿಲ್ಲ, ಏಕೆಂದರೆ ಪ್ರಸಿದ್ಧ ಬ್ರ್ಯಾಂಡಿನ ಮುದ್ರೆಯನ್ನು ಸಂಖ್ಯೆ ಸಹಿತ ನಕಲು ಮಾಡಲು ಅವಕಾಶವಿದೆ. ತಳ ಅಥವಾ ರಿವೆಟ್‌ನಲ್ಲಿ ಸಂಶಯ ಉಳಿದಿದ್ದರೆ ಛಾಯಾಚಿತ್ರಗಳನ್ನು ತಯಾರಕರಿಗೆ ಕಳುಹಿಸಿ ಲಿಖಿತ ಉತ್ತರ ಪಡೆಯಬೇಕು.

ಛಾಯಾಚಿತ್ರ ಮತ್ತು ದೂರು

ಪ್ರತಿ ಸರಬರಾಜಿಗೆ ನಾಲ್ಕು ಚಿತ್ರಗಳು ಸಾಕು: ಪೂರ್ಣ ತಳ, ಮುದ್ರೆಯ ಸಮೀಪ ಚಿತ್ರ, ಹಿಡಿಯ ಜೋಡಣೆ, ಹಾಗೂ ತಯಾರಕರ ವಿಳಾಸ, ತಯಾರಿಕೆಯ ತಿಂಗಳು ಮತ್ತು ಗರಿಷ್ಠ ಮಾರಾಟ ಬೆಲೆ ಕಾಣುವ ಪೆಟ್ಟಿಗೆಯ ಲೇಬಲ್. ಬೆಳಕು ಪಕ್ಕದಿಂದ ಬೀಳಬೇಕು. ಫ್ಲ್ಯಾಶ್ ಬಳಸಿದರೆ ಹೊಳಪಿನಲ್ಲಿ ಅಂಕಿಗಳು ಮರೆಯಾಗಿ 3 ಮತ್ತು 8ರ ವ್ಯತ್ಯಾಸವೂ ತಿಳಿಯದು. ಲೋಹದ ದಪ್ಪ, ಕವಾಟದ ಕಾರ್ಯಕ್ಷಮತೆ ಛಾಯಾಚಿತ್ರದಲ್ಲಿ ಕಾಣುವುದಿಲ್ಲ. ಅದು ಪ್ರಯೋಗಾಲಯದ ಕೆಲಸ.

ವಿವರಗಳು ಹೊಂದದಿದ್ದಲ್ಲಿ ಸ್ವೀಕೃತಿ ನೀಡದೆ, ಕುಕ್ಕರ್‌ಗಳನ್ನು ಬಳಕೆಗೆ ಕೊಡದೆ, ಪೆಟ್ಟಿಗೆ ಮತ್ತು ಬಿಲ್ಲಿನೊಂದಿಗೆ ಪ್ರತ್ಯೇಕವಾಗಿಡಬೇಕು. ಪರವಾನಗಿಯಿಲ್ಲದೆ ಮುದ್ರೆ ಬಳಸುವುದು ಭಾರತೀಯ ಮಾನಕ ಬ್ಯೂರೋ ಅಧಿನಿಯಮ, 2016ರ ಅಡಿ ಅಪರಾಧವಾಗಿದ್ದು, ದೂರನ್ನು ಅದೇ ಆ್ಯಪ್‌ನ ದೂರು ವಿಭಾಗದಲ್ಲಿ ಸಲ್ಲಿಸಬಹುದು. ವಸ್ತುಗಳು ಸರಬರಾಜುದಾರರಿಗೆ ಮರಳಿದರೆ ಮತ್ತೊಂದು ಊರಿನ ಅಡುಗೆಮನೆಗೆ ಹೋಗುವ ಸಂಭವವಿರುವುದರಿಂದ, ದೂರು ದಾಖಲಾಗುವವರೆಗೆ ಅವನ್ನು ಹಿಂದಿರುಗಿಸದಿರುವುದು ಸೂಕ್ತ.